ಪಾಸಿಟಿವ್ ಕಂಟ್ರೋಲ್ ಸ್ಲೈಡೇ ಮಸುಕಾಗಿ ಬಂತು! ಟಿಬಿ ಬ್ಯಾಕ್ಟೀರಿಯಾದ ಗೋಡೆ ಬಗ್ಗೆ ಎರಡು ಪ್ರಶ್ನೆ

ಸ್ಲೈಡ್_ಸುಂದರಿ
ಎಲ್ಲರಿಗೂ ನಮಸ್ಕಾರ. ಡಿಎಂಎಲ್‌ಟಿ ಎರಡನೇ ವರ್ಷ ಓದ್ತಿದ್ದೇನೆ, ಸದ್ಯಕ್ಕೆ ಒಂದು ಸಣ್ಣ ಲ್ಯಾಬಿನಲ್ಲಿ ತರಬೇತಿ. ಮೊನ್ನೆ 12 ಕಫದ ಸ್ಲೈಡುಗಳನ್ನು ಒಟ್ಟಿಗೆ ಝೀಲ್-ನೀಲ್ಸನ್ ಸ್ಟೇನ್ ಮಾಡಿದೆ. ಹನ್ನೆರಡನೆಯದು ನಮ್ಮ ಪಾಸಿಟಿವ್ ಕಂಟ್ರೋಲ್. 3+ ಅಂತ ಮೊದಲೇ ಗೊತ್ತಿರುವ ಸ್ಯಾಂಪಲ್, ಅಂದರೆ ಒಂದೊಂದು ಫೀಲ್ಡಿನಲ್ಲೂ ಹತ್ತಕ್ಕಿಂತ ಜಾಸ್ತಿ ಕೆಂಪು ಕಡ್ಡಿ ಕಾಣಬೇಕು. ನೋಡಿದರೆ ಅಲ್ಲೊಂದು ಇಲ್ಲೊಂದು ತಿಳಿ ಗುಲಾಬಿ ಗೆರೆ. ಉಳಿದದ್ದೆಲ್ಲ ನೀಲಿ. ಹೊಟ್ಟೆಯಲ್ಲಿ ಕಲಸಿದಂತಾಯ್ತು.

ಮಾಡಿದ್ದು ಇಷ್ಟು: 1% ಕಾರ್ಬಾಲ್ ಫ್ಯುಕ್ಸಿನ್ ಸುರಿದು, ಕೆಳಗಿನಿಂದ ಸ್ಪಿರಿಟ್ ಉರಿ ಹಿಡಿದು ಹಬೆ ಬರಿಸಿದೆ, 5 ನಿಮಿಷ ಬಿಟ್ಟೆ. ತೊಳೆದು 25% ಸಲ್ಫ್ಯೂರಿಕ್ ಆಸಿಡ್ 3 ನಿಮಿಷ. ಮತ್ತೆ ತೊಳೆದು ಮೆಥಿಲೀನ್ ಬ್ಲೂ ಅರ್ಧ ನಿಮಿಷ.

ಪ್ರಶ್ನೆ ಒಂದು, ಎಲ್ಲಿ ತಪ್ಪಿತು? ಪ್ರಶ್ನೆ ಎರಡು, ಆಸಿಡ್ ಹಾಕಿದರೂ ಬಣ್ಣ ಬಿಡದಿರುವುದಕ್ಕೂ, ಕಲ್ಚರಿನಲ್ಲಿ ವಾರಗಟ್ಟಲೆ ಕಾಯಿಸುವುದಕ್ಕೂ ಮೈಕಾಲಿಕ್ ಆಸಿಡ್ ಇರುವ ಮೇಣದ ಗೋಡೆಯೇ ಕಾರಣ ಅಂತ ನಮಗೆ ಬರೆಸಿದ್ದಾರೆ. ಎರಡಕ್ಕೂ ಒಂದೇ ಉತ್ತರಾನಾ?

ಮೈಕ್ರೋ_ಮಂಜ
ಆಸಿಡ್ ಜಾಸ್ತಿ ಆಗಿದೆ, ಅಷ್ಟೇ. 25% ಅಂದುಕೊಂಡಿದ್ದು 35% ಇರಬಹುದು, ಬಾಟಲಿ ಮಾಡಿದವರನ್ನು ಕೇಳು. ಎರಡನೇದಕ್ಕೆ, ಹೌದು, ಒಂದೇ ಉತ್ತರ. ಗೋಡೆ ಮೇಣ, ಬಣ್ಣ ಹೊರಗೆ ಬರಲ್ಲ, ಊಟ ಒಳಗೆ ಹೋಗಲ್ಲ. ಊಟ ಇಲ್ಲದೆ ಯಾರು ಬೇಗ ಬೆಳೀತಾರೆ? ಪರೀಕ್ಷೆಗೆ ಹಾಗೇ ಬರಿ, ಪೂರ್ತಿ ಮಾರ್ಕ್ಸ್ ಬರುತ್ತದೆ.

ಗೋಡಂಬಿ
ಸುಮ್ನೆ ಓದ್ತಾ ಇದ್ದೆ, ಒಂದು ಅನುಮಾನ. ಟಿಬಿ ಬ್ಯಾಕ್ಟೀರಿಯಾವನ್ನು ಆಸಿಡ್ ಫಾಸ್ಟ್ ಅಂತಾರಲ್ಲ, ಅಂದರೆ ಆಸಿಡ್‌ನಲ್ಲಿ ಫಾಸ್ಟಾಗಿ ಬೆಳೆಯುತ್ತದೆ ಅಂತ ಅಲ್ವಾ? ಮತ್ತೆ ನಿಧಾನ ಅಂತೀರಲ್ಲ?

ಮೈಕ್ರೋ_ಮಂಜ
😂😂

ಬಣ್ಣದ_ಬಾನಿ
ನಗಬೇಡಿ ಮಂಜಣ್ಣ, ಆ ಪದ ನಮ್ಮ ಕಸುಬಿನದು. ನಾನು ರಬಕವಿ ಕಡೆಯವ, ನೂಲಿಗೆ ಬಣ್ಣ ಹಾಕೋ ಮನೆತನ. ಫಾಸ್ಟ್ ಕಲರ್ ಅಂದರೆ ಒಗೆದರೂ ಬಿಡದ ಬಣ್ಣ. ಗಟ್ಟಿ ಬಣ್ಣ ಅಂತೀವಿ. ಆಸಿಡ್ ಫಾಸ್ಟ್ ಅಂದರೆ ಆಸಿಡ್‌ನಲ್ಲಿ ತೊಳೆದರೂ ಬಣ್ಣ ಬಿಡದ್ದು. ಸ್ಪೀಡಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಮಾತು. ನಿಮ್ಮ ಈ ಕಾರ್ಬಾಲ್ ಫ್ಯುಕ್ಸಿನ್ ಕಥೆ ಕೇಳಿದರೆ ನಮಗೆ ಪಾಲಿಯೆಸ್ಟರ್ ನೆನಪಾಗುತ್ತದೆ. ಹತ್ತಿ ನೂಲು ಬಣ್ಣ ಕುಡಿಯುತ್ತದೆ. ಪಾಲಿಯೆಸ್ಟರ್ ಕುಡಿಯೋದಿಲ್ಲ, ಅದರ ಎಳೆ ಅಷ್ಟು ಬಿಗಿ. ಎರಡೇ ದಾರಿ. ಒಂದೋ ಪ್ರೆಶರ್‌ನಲ್ಲಿ 130 ಡಿಗ್ರಿಗೆ ಕಾಯಿಸಬೇಕು, ಇಲ್ಲವೇ ಕ್ಯಾರಿಯರ್ ಅಂತ ಒಂದು ಔಷಧ ಹಾಕಿ ಕುದಿಸಬೇಕು. ಹಳೇ ಕಾಲದ ಕ್ಯಾರಿಯರ್‌ಗಳಲ್ಲಿ ಫೀನಾಲ್ ಜಾತಿಯವೂ ಇದ್ದವು. ಎಳೆ ಸಡಿಲ ಆಗುತ್ತದೆ, ಬಣ್ಣ ನುಗ್ಗುತ್ತದೆ, ತಣ್ಣಗಾದ ಮೇಲೆ ಬಾಗಿಲು ಹಾಕಿಕೊಂಡಂತೆ ಒಳಗೇ ಉಳಿಯುತ್ತದೆ. ಶಾಖ ಕಮ್ಮಿ ಆದರೆ ಬಟ್ಟೆ ಮೇಲೆ ಮಾತ್ರ ಬಣ್ಣ ಕೂತಿರುತ್ತದೆ, ಮೊದಲ ಒಗೆತಕ್ಕೇ ನೀರೆಲ್ಲ ಬಣ್ಣ. ತಂಗೀ, ನಿನ್ನ ಸ್ಲೈಡಿಗೂ ಅದೇ ಆಗಿದೆಯೇನೋ ನೋಡು.

ಹಳೇ_ಲೆನ್ಸು
ಬಾನಿಯವರೇ, ಕಾಲಿಗೆ ಬೀಳಬೇಕು ಅನ್ನಿಸ್ತಿದೆ. ಟಿಬಿ ಲ್ಯಾಬುಗಳಲ್ಲಿ 26 ವರ್ಷ ಕೆಲಸ ಮಾಡಿದ್ದೇನೆ, ಇಷ್ಟು ಚೆನ್ನಾಗಿ ನಾನೂ ಹೇಳಿಕೊಟ್ಟಿಲ್ಲ. ಕಾರ್ಬಾಲ್ ಫ್ಯುಕ್ಸಿನ್‌ನಲ್ಲಿ 5% ಫೀನಾಲ್ ಇರುತ್ತದೆ. ಎರ್ಲಿಕ್ 1882ರಲ್ಲಿ ಅನಿಲಿನ್ ಬಳಸಿದ್ದ, ಅದರ ಜಾಗಕ್ಕೆ ಫೀನಾಲ್ ತಂದವನು ಝೀಲ್, ಸಲ್ಫ್ಯೂರಿಕ್ ಆಸಿಡ್ ಜೊತೆ ಜೋಡಿಸಿದವನು ನೀಲ್ಸನ್. ಫೀನಾಲ್ ಮತ್ತು ಶಾಖ ಇಬ್ಬರೂ ಸೇರಿ ಬಾಗಿಲು ತೆಗೆಯುತ್ತಾರೆ.

ಸುಂದರಿ, ಒಂದು ಪ್ರಶ್ನೆ ಕೇಳ್ತೀನಿ, ಸರಿಯಾಗಿ ಉತ್ತರ ಕೊಡಮ್ಮ. ಕಂಟ್ರೋಲ್ ಒಂದೇ ಮಸುಕೋ, ಅದರ ಪಕ್ಕದವೂ ಮಸುಕೋ? ರ್‍ಯಾಕಿನ ಮೇಲೆ ಯಾವ ತುದಿಯಿಂದ ಉರಿ ಹಿಡಿದೆ?

ಸ್ಲೈಡ್_ಸುಂದರಿ
1ನೇ ಸ್ಲೈಡಿನಿಂದ ಶುರು ಮಾಡಿದೆ ಸರ್. 2 ಮತ್ತು 5 ಪಾಸಿಟಿವ್, ಎರಡೂ ಚೆನ್ನಾಗಿ ಕೆಂಪು. 9ರಿಂದ 11ರವರೆಗೆ ಹಿನ್ನೆಲೆ ನೀಲಿ ಸರಿಯಾಗೇ ಇದೆ, ಆದರೆ ಕೆಂಪು ಏನೂ ಇಲ್ಲ. ಅವು ನೆಗೆಟಿವ್ ಅಂತ ಬರೆಯೋದರಲ್ಲಿದ್ದೆ. ಕಂಟ್ರೋಲ್ ನೋಡಿ ನಿಲ್ಲಿಸಿದೆ.

ಹಳೇ_ಲೆನ್ಸು
ಒಳ್ಳೆ ಕೆಲಸ ಮಾಡಿದೆ. ಈಗ ಯೋಚನೆ ಮಾಡು. ಹನ್ನೆರಡಕ್ಕೂ ಫ್ಯುಕ್ಸಿನ್ ಒಂದೇ ಬಾಟಲಿ, ಆಸಿಡ್ ಒಂದೇ ಬಾಟಲಿ, ಹೊತ್ತೂ ಒಂದೇ. ಆಸಿಡ್ ಜಾಸ್ತಿ ಆಗಿದ್ದರೆ 2 ಮತ್ತು 5 ಕೂಡ ಮಸುಕಾಗಬೇಕಿತ್ತು. ಫ್ಯುಕ್ಸಿನ್ ಕೆಟ್ಟಿದ್ದರೂ ಹಾಗೇ. ರ್‍ಯಾಕಿನ ಒಂದು ತುದಿಗೂ ಇನ್ನೊಂದು ತುದಿಗೂ ಬೇರೆ ಆಗಿದ್ದು ಏನು? ಶಾಖ ಒಂದೇ. ಮಂಜನ ಊಹೆ ಇಲ್ಲಿ ನಿಲ್ಲೋದಿಲ್ಲ.

ಮೇಲೆ ಫ್ಯಾನ್ ತಿರುಗುತ್ತಿತ್ತಾ?

ಸ್ಲೈಡ್_ಸುಂದರಿ
ಹೌದು ಸರ್ 🙈 ಸೆಕೆ ಅಂತ. ಫ್ಯಾನ್ ಸರಿಯಾಗಿ ಆ ತುದಿಯ ಮೇಲೇ ಇದೆ. ಕೊನೆಯ ಸ್ಲೈಡುಗಳ ಹತ್ತಿರ ಉರಿ ಓಲಾಡುತ್ತಿತ್ತು. ಮೊದಲಿನವುಗಳಲ್ಲಿ ಹಬೆ ಎದ್ದಿತ್ತು, ಅದೇ ಹೊತ್ತಿಗೆ ಎಲ್ಲಕ್ಕೂ 5 ನಿಮಿಷ ಎಣಿಸೋಕೆ ಶುರು ಮಾಡಿದೆ.

ಹಳೇ_ಲೆನ್ಸು
ಅಲ್ಲೇ ಇದೆ. ಕೊನೆಯ ಸ್ಲೈಡಿನಿಂದಲೂ ಹಬೆ ಎದ್ದ ಮೇಲೆ ಎಣಿಸಬೇಕು. ಕುದಿಸಲೂಬಾರದು, ಒಣಗಲೂಬಾರದು. ಒಣಗಿದರೆ ಫ್ಯುಕ್ಸಿನ್ ಹರಳಾಗಿ ಕೂರುತ್ತದೆ, ಹೊಸಬರು ಅದನ್ನೇ ಬ್ಯಾಸಿಲಸ್ ಅಂತ ಎಣಿಸಿದ್ದೂ ನೋಡಿದ್ದೇನೆ. 9ರಿಂದ 12ನ್ನು ಬಿಸಾಡಬೇಡ. ಎಣ್ಣೆ ಒರೆಸಿ, ಫ್ಯಾನ್ ಆರಿಸಿ, ಮೊದಲಿನಿಂದ ಮತ್ತೆ ಸ್ಟೇನ್ ಮಾಡು. ಈ ಸಲ ಕಂಟ್ರೋಲನ್ನು ಮಧ್ಯದಲ್ಲಿಡು ಅಂತ ಯಾರಾದರೂ ಹೇಳಿದರೆ ಕೇಳಬೇಡ, ತುದಿಯಲ್ಲೇ ಇಡು. ತುದಿಯಲ್ಲಿತ್ತು ಅಂತಲೇ ಸಿಕ್ಕಿಬಿತ್ತು.

ಮೈಕ್ರೋ_ಮಂಜ
ಸರಿ ಸರ್, ಒಪ್ಪಿದೆ. ಆದರೆ ತತ್ವ ಅದೇ ತಾನೇ? ಮೇಣಕ್ಕೆ ಬಣ್ಣ ಅಂಟಿಕೊಳ್ಳುತ್ತದೆ. ಬಿಸಿ ಮೇಣಕ್ಕೆ ಕುಂಕುಮ ಕಲಸಿದಂತೆ.

ಹಳೇ_ಲೆನ್ಸು
ಅರ್ಧ ಸರಿ. ಮೇಣ ಬಣ್ಣ ಹೀರಿಕೊಂಡಿದ್ದೇ ಪೂರ್ತಿ ಕಾರಣ ಆಗಿದ್ದರೆ, ಬ್ಯಾಕ್ಟೀರಿಯಾವನ್ನು ಜಜ್ಜಿ ಪುಡಿ ಮಾಡಿದರೂ ಆ ಚೂರುಗಳು ಕೆಂಪಾಗೇ ಉಳಿಯಬೇಕಿತ್ತು. ಯಾಕೆಂದರೆ ಮೇಣ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಆದರೆ ಜೀವಕೋಶ ಒಡೆದರೆ ಆಸಿಡ್ ಮುಂದೆ ಬಣ್ಣ ನಿಲ್ಲೋದಿಲ್ಲ. ಇದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಅಂದರೆ ಗೋಡೆ ಇಡಿಯಾಗಿ ಇರಬೇಕು. ಅದು ಸ್ಪಂಜಿಗಿಂತ ಜಾಸ್ತಿ ಬೇಲಿ ಥರ ಕೆಲಸ ಮಾಡುತ್ತದೆ.

ಬೇಲಿ ಹೇಗಿದೆ ಅಂದರೆ, ಒಳಗಡೆ ಹೆಚ್ಚುಕಮ್ಮಿ ಎಲ್ಲ ಬ್ಯಾಕ್ಟೀರಿಯಾಗಳಿಗೂ ಇರುವ ಪೆಪ್ಟಿಡೋಗ್ಲೈಕನ್ ಬಲೆ. ಅದಕ್ಕೆ ಹೊಲಿದಂತೆ ಅರಾಬಿನೋಗ್ಯಾಲಕ್ಟನ್ ಅನ್ನುವ ಸಕ್ಕರೆಯ ಸರಪಳಿ. ಆ ಸರಪಳಿಯ ತುದಿಗಳಿಗೆ ಮೈಕಾಲಿಕ್ ಆಸಿಡ್‌ಗಳು ನಾಟಿಕೊಂಡಿವೆ, ಸುಮ್ನೆ ಮೇಲೆ ಬಳಿದದ್ದಲ್ಲ, ರಾಸಾಯನಿಕ ಬಂಧ. ನಮ್ಮ ಕಡಲೆಕಾಯಿ ಎಣ್ಣೆಯ ಕೊಬ್ಬಿನ ಆಮ್ಲದಲ್ಲಿ ಹೆಚ್ಚಾಗಿ 16, 18 ಕಾರ್ಬನ್. ಮೈಕಾಲಿಕ್ ಆಸಿಡ್‌ನಲ್ಲಿ 60ರಿಂದ 90. ಅಷ್ಟುದ್ದದ ಬಾಲಗಳು ಒತ್ತೊತ್ತಾಗಿ ನಿಂತರೆ ನೀರಿಗೆ, ಆಸಿಡ್‌ಗೆ ನುಸುಳಲು ಜಾಗವೇ ಇರೋದಿಲ್ಲ.

ಉದ್ದ ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ಪ್ರಯೋಗ ಇದೆ. ಟಿಬಿ ಬ್ಯಾಕ್ಟೀರಿಯಾದಲ್ಲಿ ಕಾಸ್-ಬಿ ಅನ್ನುವ ಒಂದು ಜೀನ್ ತೆಗೆದುಹಾಕಿದರು, 2007ರಲ್ಲಿ ಪ್ರಕಟ ಆಯಿತು. ಮೈಕಾಲಿಕ್ ಆಸಿಡ್ ಹೋಗಲಿಲ್ಲ, ಬರೀ ಕೆಲವು ಕಾರ್ಬನ್‌ನಷ್ಟು ಗಿಡ್ಡವಾಯಿತು. ಅಷ್ಟಕ್ಕೇ ಆಸಿಡ್ ಫಾಸ್ಟ್ ಗುಣವೇ ಹೊರಟುಹೋಯಿತು! ಹಾಗಾಗಿ "ಮೇಣ ಇದೆ, ಬಣ್ಣ ನಿಲ್ಲುತ್ತದೆ" ಅಂತ ಒಂದು ಸಾಲಲ್ಲಿ ಮುಗಿಸೋದು ನನಗೆ ಇಷ್ಟ ಇಲ್ಲ. ಬಣ್ಣ ಗೋಡೆಯೊಳಗೆ ಎಷ್ಟು, ಗೋಡೆಯ ಹಿಂದೆ ಎಷ್ಟು ಸಿಕ್ಕಿಕೊಂಡಿರುತ್ತದೆ ಅನ್ನೋದರ ಮೇಲೆ ಇವತ್ತಿಗೂ ಜಗಳ ಇದೆ.

ಬಣ್ಣದ_ಬಾನಿ
ಜಜ್ಜಿದರೆ ಬಣ್ಣ ಬಿಡುತ್ತದಾ! ನಮ್ಮ ಪಾಲಿಯೆಸ್ಟರ್ ಹಾಗಲ್ಲ, ಪುಡಿ ಮಾಡಿದರೂ ಬಿಡೋದಿಲ್ಲ. ಹಾಗಾದರೆ ನನ್ನ ಹೋಲಿಕೆ ಬಾಗಿಲು ತೆಗೆಯೋವರೆಗೆ ಮಾತ್ರ ಸರಿ. ಬಾಗಿಲು ಹಾಕಿಕೊಳ್ಳೋದು ಬೇರೆ ಥರ ಇದೆ.

ಅಪ್ಪನ_ಮಗಳು
ಕ್ಷಮಿಸಿ, ವಿಷಯ ಸ್ವಲ್ಪ ಬೇರೆ. ನಮ್ಮಪ್ಪನಿಗೆ ಟಿಬಿ, ಔಷಧ ಶುರು ಮಾಡಿ ಎರಡು ತಿಂಗಳಾಯ್ತು. ಜ್ವರ ಇಲ್ಲ, ತೂಕ 3 ಕೆಜಿ ಬಂದಿದೆ, ಚೆನ್ನಾಗಿ ಉಣ್ತಾರೆ. ಆದರೆ ಮೊನ್ನೆ ಕಫದ ರಿಪೋರ್ಟ್ ಸ್ಕ್ಯಾಂಟಿ ಅಂತ ಬಂತು. ಅಂದರೆ ಇನ್ನೂ ಇದೆ ಅಂತ ತಾನೇ? ಮಾತ್ರೆ ಕೆಲಸ ಮಾಡ್ತಿಲ್ವಾ? ಎರಡು ದಿನದಿಂದ ನಿದ್ದೆ ಇಲ್ಲ.

ಹಳೇ_ಲೆನ್ಸು
ಅಮ್ಮ, ಗಾಬರಿ ಬೇಡ, ಹಾಗಂತ ರಿಪೋರ್ಟನ್ನು ಪಕ್ಕಕ್ಕೂ ಇಡಬೇಡಿ. ಸ್ಕ್ಯಾಂಟಿ ಅಂದರೆ ನೂರು ಫೀಲ್ಡ್ ನೋಡಿದಾಗ 1ರಿಂದ 9 ಕಡ್ಡಿ ಸಿಕ್ಕಿವೆ. ಅವು ಬದುಕಿವೆಯೋ ಸತ್ತಿವೆಯೋ ಸ್ಲೈಡ್ ಹೇಳೋದಿಲ್ಲ. ಬ್ಯಾಕ್ಟೀರಿಯಾ ಸತ್ತ ಮೇಲೂ ಆ ಗೋಡೆ ಕೆಲವು ಕಾಲ ಹಾಗೇ ನಿಂತಿರುತ್ತದೆ, ನಿಂತಿರುವವರೆಗೆ ಕೆಂಪು ಹಿಡಿಯುತ್ತದೆ. ಮನೆಯವರು ಹೋದ ಮೇಲೂ ಮನೆ ನಿಂತಿರೋ ಹಾಗೆ. ಬದುಕಿದ್ದರೆ ಮಾತ್ರ ಕಲ್ಚರಿನಲ್ಲಿ ಬೆಳೆಯುತ್ತದೆ. ಔಷಧಕ್ಕೆ ಬಗ್ಗದ ತಳಿಯೂ ಇರಬಹುದಾದ್ದರಿಂದ ಅದನ್ನು ಪರೀಕ್ಷಿಸಲೇಬೇಕು. ಕಲ್ಚರಿಗೆ ಕಳಿಸಿದ್ದಾರಾ ಅಂತ ಡಾಕ್ಟರನ್ನು ಕೇಳಿ, ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.

ಅಪ್ಪನ_ಮಗಳು
ಕಳಿಸಿದ್ದಾರೆ ಸರ್. ಆರು ವಾರ ಕಾಯಿರಿ ಅಂದರು. ಆರು ವಾರ ಯಾಕೆ? ಯೂರಿನ್ ಕಲ್ಚರ್ ಎರಡೇ ದಿನಕ್ಕೆ ಕೊಡ್ತಾರಲ್ಲ.

ಕೋಳಿಮೊಟ್ಟೆ_ಮೀಡಿಯಾ
ಇದಕ್ಕೆ ನಾನು ಹೇಳ್ತೀನಿ, ದಿನಾ ಬೈಸಿಕೊಳ್ಳೋದು ನಾನೇ 😀 ಕಲ್ಚರ್ ಲ್ಯಾಬಿನಲ್ಲಿದ್ದೇನೆ.

ಲೆಕ್ಕ ಹಾಕಿ ನೋಡಿ. ಒಂದು ಬ್ಯಾಕ್ಟೀರಿಯಾ ಕಣ್ಣಿಗೆ ಕಾಣೋ ಕಾಲೊನಿ ಆಗಬೇಕಾದರೆ ಸುಮಾರು ಒಂದು ಕೋಟಿ ಆಗಬೇಕು ಅಂತಿಟ್ಟುಕೊಳ್ಳಿ. ಒಂದು ಎರಡಾಗಿ, ಎರಡು ನಾಲ್ಕಾಗಿ, 24 ಸಲ ದುಪ್ಪಟ್ಟಾದರೆ ಕೋಟಿ ದಾಟುತ್ತದೆ. ಯೂರಿನ್‌ನಲ್ಲಿ ಬರೋ ಇ. ಕೋಲೈ ಒಳ್ಳೆ ಮೀಡಿಯಾ ಕೊಟ್ಟರೆ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. 24 ಸಲಕ್ಕೆ 8 ಗಂಟೆ. ರಾತ್ರಿ ಇಟ್ಟು ಬೆಳಗ್ಗೆ ನೋಡಬಹುದು. ಟಿಬಿ ಒಮ್ಮೆ ದುಪ್ಪಟ್ಟಾಗಲು 20 ಗಂಟೆ ಅಂತಿಟ್ಟುಕೊಂಡರೂ 24 ಸಲಕ್ಕೆ 480 ಗಂಟೆ, ಅಂದರೆ 20 ದಿನ. ಅದೂ ಆರಾಮಾಗಿ ಇದ್ದರೆ. ಔಷಧ ತಿಂದವರ ಕಫದಲ್ಲಿ ಏಟು ತಿಂದ ಬ್ಯಾಕ್ಟೀರಿಯಾ ಇರುತ್ತವೆ, ಏಳೋಕೇ ಹೊತ್ತು ಬೇಕು. ಅದಕ್ಕೇ ದ್ರವ ಮೀಡಿಯಾದಲ್ಲಿ 42 ದಿನ, ಮೊಟ್ಟೆಯ ಎಲ್‌ಜೆ ಮೀಡಿಯಾದಲ್ಲಿ 8 ವಾರ ಕಾದೇ "ಬೆಳವಣಿಗೆ ಇಲ್ಲ" ಅಂತ ಬರೆಯೋದು.

ಇಲ್ಲಿ ಗೋಡೆಯ ಒಂದು ಉಪಕಾರವೂ ಇದೆ. ಕಫದಲ್ಲಿ ಬಾಯಿಯ ಬೇರೆ ಬ್ಯಾಕ್ಟೀರಿಯಾಗಳು ಸಂತೆಯಂತೆ ಇರುತ್ತವೆ. ಅವನ್ನು ಹಾಗೇ ಬಿಟ್ಟರೆ ಒಂದೇ ರಾತ್ರಿಗೆ ಟ್ಯೂಬ್ ತುಂಬಾ ಅವೇ. ಆದ್ದರಿಂದ ಮೊದಲು ಕಫಕ್ಕೆ ಕಾಸ್ಟಿಕ್ ಸೋಡಾ ಹಾಕಿ 15-20 ನಿಮಿಷ ಇಡುತ್ತೇವೆ. ಬೇರೆಯವು ಸಾಯುತ್ತವೆ, ಟಿಬಿ ಆ ಗೋಡೆ ಹಿಂದೆ ಉಸಿರು ಹಿಡಿದು ಕೂತಿರುತ್ತದೆ. ಆದರೆ ಅದೂ ಕಬ್ಬಿಣ ಅಲ್ಲ. ಯಾರೋ ಟೀ ಕುಡಿಯೋಕೆ ಹೋಗಿ 40 ನಿಮಿಷ ಬಿಟ್ಟರೆ ಟಿಬಿಯೂ ಸಾಯುತ್ತದೆ, ಕಲ್ಚರ್ ಸುಳ್ಳು ನೆಗೆಟಿವ್. ಕಮ್ಮಿ ಇಟ್ಟರೆ ಮೂರನೇ ದಿನಕ್ಕೇ ಟ್ಯೂಬ್ ಕಲಕಿ ಹೋಗುತ್ತದೆ. ಟಿಬಿ ಮೂರನೇ ದಿನಕ್ಕೆ ಹಾಗೆ ಕಲಕೋದಿಲ್ಲ, ಹಾಗಾಗಿ ಕಲಕಿದ ಕೂಡಲೇ ಇದು ಕಂಟ್ಯಾಮಿನೇಷನ್ ಅಂತ ಗೊತ್ತಾಗುತ್ತದೆ.

ಮೈಕ್ರೋ_ಮಂಜ
ನೋಡಿ, ಮತ್ತೆ ಗೋಡೆಗೇ ಬಂತು. ಗೋಡೆ ದಪ್ಪ, ಊಟ ಹೋಗಲ್ಲ, 20 ಗಂಟೆ. ನಾನು ಹೇಳಿದ್ದೇ ಸರಿ.

ಸ್ಮೆಗ್_ಸಾಕಿದವ
ಮಂಜ, ಹಾಗಾದರೆ ಸ್ಮೆಗ್ಮಾಟಿಸ್‌ಗೆ ಏನು ಹೇಳ್ತೀಯ? ನಾನು ಪಿಎಚ್‌ಡಿ ಮಾಡುವಾಗ ಐದು ವರ್ಷ ಅದನ್ನೇ ಸಾಕಿದ್ದೇನೆ. ಮೈಕೋಬ್ಯಾಕ್ಟೀರಿಯಂ ಕುಲದ್ದೇ. ಅದೇ ಪೆಪ್ಟಿಡೋಗ್ಲೈಕನ್, ಅದೇ ಅರಾಬಿನೋಗ್ಯಾಲಕ್ಟನ್, ಮೈಕಾಲಿಕ್ ಆಸಿಡ್ ಕೂಡ ಇದೆ, ಆಸಿಡ್ ಫಾಸ್ಟ್ ಕೂಡ. ಸುಮಾರು 3 ಗಂಟೆಗೊಮ್ಮೆ ದುಪ್ಪಟ್ಟಾಗುತ್ತದೆ. ಮೂರು ದಿನಕ್ಕೆ ಪ್ಲೇಟ್ ಮೇಲೆ ಕಾಲೊನಿ. ಗೋಡೆಯೊಂದೇ ಕಾರಣ ಆಗಿದ್ದರೆ ಅದೂ 20 ಗಂಟೆ ತೆಗೆದುಕೊಳ್ಳಬೇಕಿತ್ತು, ಅಲ್ವಾ?

ಮೈಕ್ರೋ_ಮಂಜ
ಅದರ ಗೋಡೆ ತೆಳು ಇರಬೇಕು.

ಸ್ಮೆಗ್_ಸಾಕಿದವ
ದಪ್ಪದ ಮಾತಲ್ಲ, ಕಿಟಕಿಯ ಮಾತು. ಸ್ಮೆಗ್ಮಾಟಿಸ್ ಗೋಡೆಯಲ್ಲಿ ಎಂಎಸ್‌ಪಿ-ಎ ಅಂತ ಒಂದು ಪೋರಿನ್ ಇದೆ, ಊಟ ಒಳಗೆ ಬಿಡುವ ಕೊಳವೆ. ಟಿಬಿಯಲ್ಲಿ ಆ ಜಾತಿಯ ಕೊಳವೆ ಇಲ್ಲ. ಅದನ್ನು ಟಿಬಿಗೆ, ಮತ್ತೆ ಬಿಸಿಜಿ ಲಸಿಕೆಯ ತಳಿಗೆ ತಂದು ಹಾಕಿದಾಗ ಸ್ವಲ್ಪ ಚುರುಕಾಗಿ ಬೆಳೆದವು, ಕೆಲವು ಔಷಧಗಳಿಗೂ ಸುಲಭಕ್ಕೆ ಬಗ್ಗಿದವು. ಹಾಗಾಗಿ ನಿನ್ನ ಊಟದ ಮಾತಿನಲ್ಲಿ ಹುರುಳಿದೆ, ಇಲ್ಲ ಅನ್ನೋದಿಲ್ಲ. ಆದರೆ ಕಿಟಕಿ ಕೊಟ್ಟರೂ ಅದು 3 ಗಂಟೆಗೆ ಇಳಿಯಲಿಲ್ಲ. ಒಳಗೂ ಏನೋ ನಿಧಾನ ಇದೆ ಅಂತಾಯ್ತು.

ಆ "ಒಳಗಿನ" ಕೆಲಸ ನಡೆದಿದ್ದು ನಮ್ಮ ಬೆಂಗಳೂರಿನಲ್ಲೇ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಟಿ. ರಾಮಕೃಷ್ಣನ್ ಅವರ ಲ್ಯಾಬ್. ರಸಿಕಾ ಹರ್ಷೆ ಅವರ ಜೊತೆ 1977ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಟಿಬಿಯ ಎಚ್37ಆರ್‌ವಿ ತಳಿ ಆರ್‌ಎನ್‌ಎ ಎಳೆಯನ್ನು ಎಷ್ಟು ವೇಗವಾಗಿ ನೇಯುತ್ತದೆ ಅಂತ ಅಳೆದರು. ಇ. ಕೋಲೈಗಿಂತ ಸುಮಾರು ಹತ್ತು ಪಟ್ಟು ನಿಧಾನ. ಮುಂದೆ 1986ರಲ್ಲಿ ಅದೇ ಲ್ಯಾಬಿನಿಂದ ಇನ್ನೊಂದು ಲೇಖನ. ಡಿಎನ್‌ಎಯ ಒಂದು ಪ್ರತಿ ಮಾಡಿ ಮುಗಿಸಲು ಟಿಬಿಗೆ ಸುಮಾರು 10 ಗಂಟೆ ಬೇಕು ಅಂತ. ಪ್ರತಿ ಮಾಡೋಕೇ 10 ಗಂಟೆ ಆದರೆ ಊಟ ಎಷ್ಟೇ ಹಾಕು, 3 ಗಂಟೆಗೆ ಎರಡಾಗೋದು ಹೇಗೆ?

ಮೈಕ್ರೋ_ಮಂಜ
ಊಟ ಕಮ್ಮಿ ಇರೋದರಿಂದಲೇ ಡಿಎನ್‌ಎ ಕೆಲಸ ನಿಧಾನ ಆಗಿರಬಹುದಲ್ಲ! ಯಾವುದು ಕಾರಣ, ಯಾವುದು ಪರಿಣಾಮ?

ಸ್ಮೆಗ್_ಸಾಕಿದವ
ಇದು ಒಳ್ಳೆ ಪ್ರಶ್ನೆ, ನಿಜವಾಗಲೂ. ಪೂರ್ತಿ ಬಿಡಿಸಿ ಹೇಳೋಕೆ ನನಗೂ ಆಗೋದಿಲ್ಲ. ಒಂದು ಕಾಲದಲ್ಲಿ ಇನ್ನೊಂದು ಸುಲಭದ ಉತ್ತರ ಓಡಾಡುತ್ತಿತ್ತು. ರೈಬೋಸೋಮ್ ಮಾಡೋ ಜೀನ್‌ಗಳ ಗುಂಪು ಟಿಬಿಯಲ್ಲಿ ಒಂದೇ ಇದೆ, ಸ್ಮೆಗ್ಮಾಟಿಸ್‌ನಲ್ಲಿ ಎರಡು, ಇ. ಕೋಲೈನಲ್ಲಿ ಏಳು. ಒಂದೇ ಒಲೆ ಇದ್ದರೆ ಅಡುಗೆ ನಿಧಾನ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಅಬ್ಸೆಸಸ್ ಅನ್ನುವ ಇನ್ನೊಂದು ಮೈಕೋಬ್ಯಾಕ್ಟೀರಿಯಂ ಇದೆ, ಅದರಲ್ಲೂ ಒಂದೇ ಒಲೆ, ಆದರೂ ವಾರದೊಳಗೆ ಕಾಲೊನಿ ಕೊಡುತ್ತದೆ. ಅಲ್ಲಿಗೆ ಆ ಉತ್ತರವೂ ಕುಂಟಿತು.

ಗೋಡೆ ಕಟ್ಟೋ ಖರ್ಚನ್ನೂ ಸೇರಿಸಬೇಕು. 1998ರಲ್ಲಿ ಟಿಬಿಯ ಜೀನೋಮ್ ಓದಿದಾಗ ಸುಮಾರು 4,000 ಜೀನ್‌ಗಳಲ್ಲಿ 250ರಷ್ಟು ಕೊಬ್ಬಿನ ಕೆಲಸಕ್ಕೇ ಮೀಸಲು ಅಂತ ಗೊತ್ತಾಯ್ತು. ಪ್ರತಿ ಸಲ ಎರಡಾಗುವಾಗ ಅಷ್ಟೂ ಉದ್ದದ ಬಾಲಗಳನ್ನು ಹೊಸದಾಗಿ ಕಟ್ಟಬೇಕು. ಸ್ಮೆಗ್ಮಾಟಿಸ್ ಕೂಡ ಕಟ್ಟುತ್ತದೆ ಅನ್ನೋದು ಬೇರೆ ಮಾತು.

ಸುಂದರಿಯವರೇ, ನನ್ನನ್ನು ಕೇಳಿದರೆ ಹೀಗೆ ಬರೆಯಿರಿ: ಆಸಿಡ್ ಫಾಸ್ಟ್ ಗುಣ ಗೋಡೆಯಿಂದಲೇ. ನಿಧಾನ ಬೆಳವಣಿಗೆಯಲ್ಲಿ ಗೋಡೆಗೆ ಪಾಲಿದೆ, ಪೂರ್ತಿ ಜವಾಬ್ದಾರಿ ಇಲ್ಲ.

ಕೋಳಿಮೊಟ್ಟೆ_ಮೀಡಿಯಾ
ಹಾಗೆ ಬರೆದರೆ ಎರಡು ಮಾರ್ಕ್ಸ್ ಕಟ್, ಗ್ಯಾರಂಟಿ.

ಗೋಡಂಬಿ
ಸ್ಮೆಗ್ಮಾಟಿಸ್ ಕೂಡ ಕೆಂಪಾಗುತ್ತದೆ ಅಂದರೆ, ಸ್ಲೈಡಲ್ಲಿ ಕೆಂಪು ಕಂಡಿದ್ದೆಲ್ಲ ಟಿಬಿ ಅಲ್ಲ ಅಂತಾಯ್ತಲ್ಲ?

ಹಳೇ_ಲೆನ್ಸು
ಗೋಡಂಬಿ, ನಿನ್ನ ಮೊದಲ ಪ್ರಶ್ನೆಗೆ ನಕ್ಕವರೆಲ್ಲ ಈಗ ಸುಮ್ಮನಿರಬೇಕು. ಹೌದು, ಅದಕ್ಕೇ ರಿಪೋರ್ಟಿನಲ್ಲಿ "ಆಸಿಡ್ ಫಾಸ್ಟ್ ಬ್ಯಾಸಿಲೈ ಕಂಡವು" ಅಂತ ಬರೆಯುತ್ತೇವೆ, "ಟಿಬಿ" ಅಂತ ಬರೆಯೋದಿಲ್ಲ. ನಲ್ಲಿ ನೀರಲ್ಲೂ ಈ ಕುಲದವರು ಇರುತ್ತಾರೆ. ಒಂದು ಕಡೆ, ಎಲ್ಲಿ ಅಂತ ಬೇಡ, ಒಂದೇ ವಾರದಲ್ಲಿ ಇದ್ದಕ್ಕಿದ್ದಂತೆ ಸ್ಕ್ಯಾಂಟಿ ರಿಪೋರ್ಟುಗಳು ಸಾಲುಗಟ್ಟಿದವು. ಹೊಸ ಖಾಲಿ ಗಾಜಿನ ಸ್ಲೈಡನ್ನು ಕಫವೇ ಹಾಕದೆ ಸ್ಟೇನ್ ಮಾಡಿ ನೋಡಿದೆ. ಅದರಲ್ಲೂ ನಾಲ್ಕು ಕಡ್ಡಿ! ತೊಳೆಯೋ ನೀರು ಟ್ಯಾಂಕಿನದು, ಟ್ಯಾಂಕ್ ಯಾವ ಕಾಲದಲ್ಲಿ ತೊಳೆದಿದ್ದರೋ. ಡಿಸ್ಟಿಲ್ಡ್ ವಾಟರಿಗೆ ಬದಲಾಯಿಸಿದ ಮೇಲೆ ನಿಂತಿತು.

ಇಂಥ ಕಡೆ ಕಮ್ಮಿ ಎಣಿಕೆಯವೇ ಅನುಮಾನ ಹುಟ್ಟಿಸಬೇಕು. ಇನ್ನೊಂದು ಕಡೆ, ಕಫದಲ್ಲಿ ಒಂದು ಎಂಎಲ್‌ಗೆ ಐದರಿಂದ ಹತ್ತು ಸಾವಿರ ಬ್ಯಾಸಿಲೈ ಇದ್ದರೆ ತಾನೇ ಸ್ಲೈಡಿನಲ್ಲಿ ಕಾಣೋದು. ಹಾಗಾಗಿ ನೆಗೆಟಿವ್ ಅಂದರೂ ಇಲ್ಲ ಅಂತಲ್ಲ.

ಮೈಕ್ರೋ_ಮಂಜ
ಖಾಲಿ ಸ್ಲೈಡ್ ಟ್ರಿಕ್ ಬರೆದಿಟ್ಟುಕೊಂಡೆ. ಕಾರಣ-ಪರಿಣಾಮದ ವಿಷಯ ಮಾತ್ರ ನಾನು ಬಿಡೋದಿಲ್ಲ ಸ್ಮೆಗ್ ಅಣ್ಣ.

ಸ್ಮೆಗ್_ಸಾಕಿದವ
ಬಿಡಬೇಡ. ಬಿಡದವರು ಯಾರಾದರೂ ಬೇಕು.

ಸ್ಲೈಡ್_ಸುಂದರಿ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಫ್ಯಾನ್ ಆರಿಸಿ ಆ ನಾಲ್ಕನ್ನೂ ಮತ್ತೆ ಮಾಡಿದೆ. ಒಂದೊಂದು ಸ್ಲೈಡಿನಿಂದಲೂ ಹಬೆ ಎದ್ದಿದ್ದನ್ನು ನೋಡಿಯೇ ಎಣಿಸಿದೆ, ಬೆವರು ಕಿತ್ತು ಬಂತು. ಕಂಟ್ರೋಲ್ ಕಡು ಕೆಂಪು, 3+. 9 ಮತ್ತು 10 ನೆಗೆಟಿವ್.

11ನೆಯದು 1+. ಮೊನ್ನೆ ನೆಗೆಟಿವ್ ಅಂತ ಬರೆಯೋದರಲ್ಲಿದ್ದದ್ದು. ನೂರು ಫೀಲ್ಡಿಗೆ 34 ಸಿಕ್ಕವು, ಹಿರಿಯ ಟೆಕ್ನಿಷಿಯನ್ ಕೈಯಲ್ಲೂ ಎಣಿಸಿಸಿದೆ, ಅವರಿಗೆ 31. ಖಾಲಿ ಸ್ಲೈಡಿನ ವಿಷಯ ಈಗ ಓದಿದೆ ಸರ್, ನಾಳೆ ಬೆಳಗ್ಗೆ ಹೋದ ಕೂಡಲೇ ಅದೊಂದನ್ನು ಮಾಡ್ತೀನಿ. ನಮ್ಮದೂ ಟ್ಯಾಂಕ್ ನೀರೇ.

ಅಪ್ಪನ_ಮಗಳು
ಆ 11ನೇ ಸ್ಲೈಡಿನವರಿಗೆ ಬೇಗ ಫೋನ್ ಮಾಡಿ ಅಕ್ಕ.

ಸ್ಲೈಡ್_ಸುಂದರಿ
ಮಾಡಿಸಿದೆ. ನಾಳೆ ಇನ್ನೊಂದು ಸಲ ಕಫ ತರೋಕೆ ಹೇಳಿದ್ದೇವೆ.